ಫೋಟೊದಾಗಿನ ಟಿಕೆಟ್

ಹಬ್ಬದ ನೂಕುನುಗ್ಗಲಿನ ಸ್ಟೇಷನ್. ಮಗಳ ಬಾಣಂತನಕ್ಕೆ ಹೊರಟಿದ್ದ ಶಿವಗಂಗವ್ವನನ್ನು ಟಿಸಿ ಬೋಗಿಯ ಬಾಗಿಲಲ್ಲೇ ತಡೆದ. ಆಕೆ ಮೊಬೈಲಿನಲ್ಲಿದ್ದ ಟಿಕೆಟಿನ ಸ್ಕ್ರೀನ್‌ಶಾಟ್ ತೋರಿಸಿದಳು.

“ಫೋಟೊ ನಡೆಯಂಗಿಲ್ಲ. ಆ್ಯಪ್ ತೆಗಿ, ಇಲ್ಲಾಂದ್ರ ಹತ್ತಬ್ಯಾಡ.”

ಅಷ್ಟು ಜನರ ನಡುವೆ ನೆಟ್‌ವರ್ಕೇ ಇರಲಿಲ್ಲ. ಆ್ಯಪ್ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ರೈಲು ಹೊರಡುವ ಹೊತ್ತಾಗಿತ್ತು.

“ನನ್ನ ಫೋಟೊ ನಂಬಬ್ಯಾಡ್ರಿ ಸಾಹೇಬ್ರ. ನಿಮ್ಮ ಕೈಯಾಗಿನ ಮಷೀನ್ ನಂಬ್ತೀರಲ್ಲ?”

ಆಕೆ ಸ್ಕ್ರೀನ್‌ಶಾಟ್ ನೋಡಿ ಪಿಎನ್‌ಆರ್, ಬೋಗಿ, ಬರ್ತ್ ನಂಬರು ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಆಧಾರ್ ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದಳು. “ಆ ಬರ್ತಿನಾಗ ಯಾರ ಹೆಸರೈತಿ, ನೀವ ಓದ್ರಿ.”

ಸುತ್ತಲಿನವರು ಕತ್ತು ಚಾಚಿದರು. ಟಿಸಿ ಮಷೀನಿನಲ್ಲಿದ್ದ ಪ್ರಯಾಣಿಕರ ಚಾರ್ಟಿನಲ್ಲಿ ಹುಡುಕಿದ. ಹೆಸರು, ವಯಸ್ಸು ಎಲ್ಲ ಕಾರ್ಡಿನಲ್ಲಿದ್ದಂತೆಯೇ ಇತ್ತು. ಅವನ ದನಿ ಇಳಿಯಿತು.

“ಆತು, ಹತ್ತವ್ವ. ಇದ ಟಿಕೆಟಿನಾಗ ವಿರುಪಾಕ್ಷಪ್ಪ ಅಂತ ಇನ್ನೊಬ್ಬರದಾರ. ಎಲ್ಲಿ ಅವರು?”

“ನಮ್ಮ ಮನಿಯವರು. ಗದ್ದಲದಾಗ ನೆಟ್ ಬರೂದಿಲ್ಲ ಅಂತ ಈ ಫೋಟೊ ತೆಗೆದಿಟ್ಟವರ ಅವರು. ಹೋದ ತಿಂಗಳು ತೀರಿಕೊಂಡ್ರು.”

ಟಿಸಿ ಮಷೀನಿನತ್ತ ತಿರುಗಿದ. ಆ ಹೆಸರಿನ ಮುಂದೆ ಬಂದಿಲ್ಲವೆಂದು ಗುರುತು ಹಾಕಲು ಬೆರಳೆತ್ತಿದ.

“ಈಗ ಬ್ಯಾಡ್ರಿ ಸಾಹೇಬ್ರ,” ಎಂದಳು ಆಕೆ. “ಮುಂದಿನ ಸ್ಟೇಷನ್ ಬರೂತನಕ ಅವರ ಹೆಸರು ಚಾರ್ಟಿನಾಗರ ಇರ್ಲಿ.”